ಬೈಕ್ ಕಳುವಾಗಿದೆ: ಇನ್ಶೂರೆನ್ಸ್‌ನವರು ಎನ್‌ಟಿಸಿ ಕೇಳುತ್ತಾರೆ, ಠಾಣೆಯಲ್ಲಿ ಅಂಥದ್ದೇ ಇಲ್ಲ ಅನ್ನುತ್ತಾರೆ. ಎರಡನೇ ಕೀ ಕೂಡ ನನ್ನ ಹತ್ತಿರ ಇಲ್ಲ

ಕಬಿನಿ ದಂಡೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಮನೆ ಮುಂದೆ ನಿಲ್ಲಿಸಿದ್ದ ಬೈಕ್ ಕಳುವಾಗಿ ನಾಲ್ಕೂವರೆ ತಿಂಗಳಾಯಿತು. ಭಾನುವಾರ ರಾತ್ರಿ ಹ್ಯಾಂಡಲ್ ಲಾಕ್ ಮಾಡಿ ನಿಲ್ಲಿಸಿದ್ದೆ. ಬೆಳಿಗ್ಗೆ ಹಾಲು ತರಲು ಹೊರಟಾಗ ಬೈಕ್ ಇರಲಿಲ್ಲ. ಕೂಡಲೇ 112ಕ್ಕೆ ಫೋನ್ ಮಾಡಿದೆ. ಆಮೇಲೆ ಠಾಣೆಗೆ ಹೋದೆ. "ಎರಡು ದಿನ ನೋಡೋಣ, ಸಿಗಬಹುದು" ಅಂದರು. ಬುಧವಾರ ಎಫ್‌ಐಆರ್ ಆಯಿತು. ಎಫ್‌ಐಆರ್ ಕೈಗೆ ಬಂದ ಮೇಲೆಯೇ ಇನ್ಶೂರೆನ್ಸ್‌ಗೆ ಹೇಳಬೇಕು ಅಂದುಕೊಂಡಿದ್ದೆ. ಹಾಗಾಗಿ ಅವರಿಗೆ ಹೇಳಿದ್ದು ಒಂಬತ್ತನೇ ದಿನ.

ಬೈಕ್ 2022ರದ್ದು. ನಾನು ಎರಡನೇ ಓನರ್, 2024ರಲ್ಲಿ ತೆಗೆದುಕೊಂಡೆ. ಆರ್‌ಸಿ ನನ್ನ ಹೆಸರಲ್ಲಿದೆ. ಪಾಲಿಸಿಯೂ ನನ್ನ ಹೆಸರಲ್ಲೇ ರಿನ್ಯೂ ಆಗಿದೆ, ಫುಲ್ ಇನ್ಶೂರೆನ್ಸ್. ಐಡಿವಿ, ಅಂದರೆ ಗಾಡಿ ಪೂರ್ತಿ ಹೋದರೆ ಲೆಕ್ಕಕ್ಕೆ ಹಿಡಿಯಲು ಪಾಲಿಸಿಯಲ್ಲಿ ಬರೆದಿರುವ ಬೆಲೆ, 62,000 ರೂಪಾಯಿ.

ಈಗ ಕಂಪನಿ ಕಳಿಸಿರುವ ಪತ್ರದಲ್ಲಿ "ಕೋರ್ಟ್ ಅಂಗೀಕರಿಸಿದ ನಾನ್ ಟ್ರೇಸಬಲ್ ಸರ್ಟಿಫಿಕೇಟ್" ಮತ್ತು "ಎರಡೂ ಒರಿಜಿನಲ್ ಕೀ" ಕೊಡಿ ಅಂತ ಇದೆ. ಠಾಣೆಯಲ್ಲಿ ಕೇಳಿದರೆ ಅಂಥ ಸರ್ಟಿಫಿಕೇಟ್ ನಾವು ಕೊಡುವುದಿಲ್ಲ ಅನ್ನುತ್ತಾರೆ. ಕೀ ವಿಷಯಕ್ಕೆ ಬಂದರೆ, ಹಳೇ ಓನರ್ ನನಗೆ ಕೊಟ್ಟಿದ್ದು ಒಂದೇ. ಇನ್ನೊಂದು ಕಳೆದುಹೋಗಿದೆ ಅಂದಿದ್ದರು. ಆಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮುಂದೇನು ಮಾಡಬೇಕು, ತಿಳಿದವರು ಹೇಳಿ.

ಗದಗ ಗಾಡಿ

ಅಣ್ಣ, ನನ್ನದೂ ಹೋದ ವರ್ಷ ಹೋಯ್ತು. ಕಂಪನಿ ಒಂದು ರೂಪಾಯಿಯೂ ಕೊಡಲಿಲ್ಲ. ಥರ್ಡ್ ಪಾರ್ಟಿ ಇತ್ತು. ಇದರಲ್ಲಿ ಕಳವಿಗೆ ಏನಾದರೂ ದಾರಿ ಇದೆಯಾ?

ಹಳೇ ಸರ್ವೇಯರ್

ಗದಗದವರೇ, ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಿಮ್ಮ ಸ್ವಂತ ಗಾಡಿ ಕಳುವಾದರೆ ಏನೂ ಬರುವುದಿಲ್ಲ. ಆ ಪಾಲಿಸಿ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ಆದರೆ ಎಫ್‌ಐಆರ್ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ, ಆರ್‌ಟಿಒಗೂ ಪತ್ರ ಕೊಡಿ. ಆ ಗಾಡಿಯಿಂದ ನಾಳೆ ಏನಾದರೂ ಅಪಘಾತವಾದರೆ, ನಿಮ್ಮ ಹೆಸರಿಗೆ ದಂಡದ ಚಲನ್ ಬಂದರೆ ಆಗ ಬೇಕಾಗುತ್ತದೆ.

ಕಬಿನಿಯವರೇ, ನಿಮ್ಮ ತೊಂದರೆ ನನಗೆ ಚೆನ್ನಾಗಿ ಗೊತ್ತು. ಇಂಥ ಕಡತಗಳನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ನೀವು ಠಾಣೆಗೆ ಹೋಗಿ ಎನ್‌ಟಿಸಿ ಅಂತ ಕೇಳಿದ್ದೀರಿ. ಅದು ಇನ್ಶೂರೆನ್ಸ್ ಕಂಪನಿಯ ಹೆಡ್ ಆಫೀಸಿನವರು ಇಡೀ ದೇಶಕ್ಕೆ ಒಂದೇ ಅಂತ ಮಾಡಿಟ್ಟ ಪಟ್ಟಿಯಲ್ಲಿರುವ ಹೆಸರು. ನಮ್ಮ ಕರ್ನಾಟಕದ ಠಾಣೆಗಳಲ್ಲಿ ಅದಕ್ಕೆ ಸಿ ರಿಪೋರ್ಟ್ ಅನ್ನುತ್ತಾರೆ. ಕಳವು ನಿಜ, ಆದರೆ ಗಾಡಿಯೂ ಸಿಗಲಿಲ್ಲ, ಕಳ್ಳನೂ ಸಿಗಲಿಲ್ಲ ಅಂತ ತನಿಖಾಧಿಕಾರಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕೊಡುವ ಅಂತಿಮ ವರದಿ ಅದು. ನಾಳೆ ಠಾಣೆಗೆ ಹೋಗಿ ರೈಟರ್ ಹತ್ತಿರ ನಿಮ್ಮ ಕ್ರೈಂ ನಂಬರ್ ಹೇಳಿ, "ಸಿ ರಿಪೋರ್ಟ್ ಹಾಕಿದ್ದೀರಾ, ಯಾವತ್ತು ಹಾಕಿದಿರಿ" ಅಂತ ಕೇಳಿ. ಆಗ ಮಾತು ಮುಂದುವರಿಯುತ್ತದೆ.

ಪುಣೆ ಕನ್ನಡಿಗ

ಒಂದು ನಿಮಿಷ. ಸಿ ಅಂತ ಬರೆಸಿಕೊಂಡರೆ ಕ್ಲೇಮ್ ಹೋಗುತ್ತದೆ ಅಂತ ನನಗೆ ಇಲ್ಲಿನ ವಕೀಲರು ಹೇಳಿದ್ದರು. ಸ್ಕೂಟರ್ ಕಳುವಾದಾಗ ನಾನು "ಎ ಸಮರಿ"ಯೇ ಬೇಕು ಅಂತ ಹಟ ಹಿಡಿದು ತೆಗೆದುಕೊಂಡೆ. ಹುಷಾರಾಗಿರಿ.

ಹಳೇ ಸರ್ವೇಯರ್

ನಿಮ್ಮ ವಕೀಲರು ಹೇಳಿದ್ದು ಸರಿ, ಆದರೆ ಅದು ಮಹಾರಾಷ್ಟ್ರಕ್ಕೆ ಮಾತ್ರ. ಅಲ್ಲಿ ಎ ಸಮರಿ ಅಂದರೆ ಪ್ರಕರಣ ನಿಜ, ಆರೋಪಿ ಪತ್ತೆ ಇಲ್ಲ ಅಂತ. ಸಿ ಅಂದರೆ ನಿಜವೂ ಅಲ್ಲ ಸುಳ್ಳೂ ಅಲ್ಲ, ಏನೋ ತಪ್ಪು ತಿಳುವಳಿಕೆ ಅನ್ನುವ ಅರ್ಥ. ಕರ್ನಾಟಕದಲ್ಲಿ ಅಕ್ಷರಗಳೇ ಬೇರೆ. ಇಲ್ಲಿ ಪತ್ತೆಯಾಗದ ಪ್ರಕರಣಕ್ಕೆ ಸಿ. ಇಲ್ಲಿ ಹೆದರಬೇಕಾದ್ದು ಬಿ ರಿಪೋರ್ಟ್‌ಗೆ, ಅದು ದೂರೇ ಸುಳ್ಳು ಅನ್ನುವಂಥ ವರದಿ. ಕ್ಲೇಮ್ ನೋಡುವವರು ಮುಂಬೈನಲ್ಲಿ ಕೂತಿದ್ದರೆ ಅವರಿಗೂ ಇದೇ ಗೊಂದಲ ಆಗುವುದುಂಟು. ಮೈಸೂರಿನ ಕಾಗದ ಕಳಿಸುವಾಗ ಜೊತೆಗೆ ಒಂದು ಸಾಲು ಬರೆಯಿರಿ: ಕರ್ನಾಟಕದಲ್ಲಿ ಸಿ ರಿಪೋರ್ಟ್ ಅಂದರೆ ಪತ್ತೆಯಾಗದ ಪ್ರಕರಣದ ಅಂತಿಮ ವರದಿ, ನೀವು ಕೇಳಿದ ಕಾಗದ ಇದೇ.

ಪುಣೆ ಕನ್ನಡಿಗ

ಇದು ಗೊತ್ತಿರಲಿಲ್ಲ ಸರ್. ನಾನು ಹೇಳಿದ್ದನ್ನು ಕಬಿನಿಯವರು ಬಿಟ್ಟುಬಿಡಿ.

ಕೋರ್ಟ್ ಬೀದಿ

ನಾನು ವಕೀಲರ ಆಫೀಸಿನಲ್ಲಿ ಗುಮಾಸ್ತ. ಕೋರ್ಟಿನ ಭಾಗ ನಾನು ಹೇಳುತ್ತೇನೆ. ಜಾಸ್ತಿ ದಿನ ಹೋಗುವುದು ಇಲ್ಲೇ.

ಠಾಣೆಯವರು "ಸಿ ರಿಪೋರ್ಟ್ ಹಾಕಿದ್ದೇವೆ" ಅಂದ ಮಾತ್ರಕ್ಕೆ ಅದು ಕೋರ್ಟಿಗೆ ತಲುಪಿದೆ ಅಂತಲ್ಲ. ಬರೆದು ಮುಗಿದು, ಇನ್ಸ್‌ಪೆಕ್ಟರ್ ಸಹಿಗೆ ಕಾಯುತ್ತಾ ಕಡತದಲ್ಲೇ ಉಳಿದಿರಬಹುದು. ಸಹಿಯಾದ ಮೇಲೆ ಠಾಣೆಯ ಕೋರ್ಟ್ ಪಿಸಿ ಅದನ್ನು ಕೋರ್ಟಿಗೆ ತಂದುಕೊಡಬೇಕು. ಆ ಪಿಸಿಯನ್ನೇ ಕಂಡು ಮಾತಾಡಿ. ಯಾವ ಕೋರ್ಟು, ಯಾವ ತಾರೀಕು ಅಂತ ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ಕೋರ್ಟಿಗೆ ಬಂದ ಮೇಲೆ ದೂರುದಾರರಾದ ನಿಮಗೆ ನೋಟಿಸ್ ಬರಬಹುದು. ಅದನ್ನು ನೋಡಿ ಎಷ್ಟೋ ಜನ ಹೆದರಿ ಮನೆಯಲ್ಲೇ ಕೂರುತ್ತಾರೆ, ಕೇಸು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ದಯವಿಟ್ಟು ಆ ದಿನ ಹೋಗಿ. ವರದಿಗೆ ನಿಮ್ಮ ತಕರಾರು ಇದೆಯಾ ಅಂತ ಕೇಳುತ್ತಾರೆ ಅಷ್ಟೇ. ತಕರಾರು ಇಲ್ಲದಿದ್ದರೆ ಇಲ್ಲ ಅನ್ನಿ. ನ್ಯಾಯಾಧೀಶರು ವರದಿ ಒಪ್ಪಿ ಆರ್ಡರ್ ಶೀಟ್‌ನಲ್ಲಿ ಬರೆಯುತ್ತಾರೆ.

ಆಮೇಲೆ ನಕಲು ಅರ್ಜಿ ಹಾಕಬೇಕು. ಸಿ ರಿಪೋರ್ಟ್‌ನ ನಕಲು ಮಾತ್ರ ಕೇಳಬೇಡಿ, ಆರ್ಡರ್ ಶೀಟ್‌ನದ್ದನ್ನೂ ಕೇಳಿ. ಎರಡಕ್ಕೂ ಕೋರ್ಟಿನ ಸೀಲು, ದೃಢೀಕರಣ ಇರಬೇಕು. ಆರ್ಡರ್ ಶೀಟ್ ಇಲ್ಲದಿದ್ದರೆ ವರದಿ ಸಲ್ಲಿಕೆಯಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ, ಕೋರ್ಟು ಒಪ್ಪಿದೆ ಅಂತ ಗೊತ್ತಾಗುವುದಿಲ್ಲ. ಕಂಪನಿಯವರು ಅದಕ್ಕೇ ವಾಪಸ್ ಕಳಿಸುತ್ತಾರೆ. ನಮ್ಮ ಆಫೀಸಿಗೆ ಎರಡನೇ ಸಲ ಬರುವವರಲ್ಲಿ ಹೆಚ್ಚಿನವರು ಇದೇ ಕಾರಣಕ್ಕೆ ಬರುತ್ತಾರೆ.

ಮಲ್ನಾಡ್ ಹುಡುಗಿ

ನನ್ನ ಕಾರು ಶಿವಮೊಗ್ಗದಲ್ಲಿ ಕಳುವಾಗಿತ್ತು. ನನಗೆ ಕೋರ್ಟಿಗೆ ಹೋಗುವ ಕೆಲಸವೇ ಬೀಳಲಿಲ್ಲ. ಠಾಣೆಯಲ್ಲಿ ಒಂದು ಹಿಂಬರಹ ಕೊಟ್ಟರು. "ಇಲ್ಲಿಯವರೆಗೆ ವಾಹನ ಪತ್ತೆಯಾಗಿಲ್ಲ" ಅಂತ ಇತ್ತು. ಕಂಪನಿ ಅದನ್ನೇ ತೆಗೆದುಕೊಂಡಿತು. ಹಾಗಾಗಿ ಮೊದಲು ಹಿಂಬರಹ ಕೇಳಿ ನೋಡಿ.

ಹಳೇ ಸರ್ವೇಯರ್

ಮೇಡಂ ಹೇಳಿದ್ದೂ ಇದೆ. ಕೆಲವು ಕಂಪನಿಗಳು ಠಾಣೆಯ ಹಿಂಬರಹಕ್ಕೆ ಒಪ್ಪುತ್ತವೆ. ಆದರೆ ಕಬಿನಿಯವರ ಪತ್ರದಲ್ಲಿ "ಕೋರ್ಟ್ ಅಂಗೀಕರಿಸಿದ" ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಹಿಂಬರಹ ಕೊಟ್ಟು ಕೇಳಬಹುದು, ಒಪ್ಪದಿದ್ದರೆ ಕೋರ್ಟಿನ ನಕಲು ಬೇಕೇ ಬೇಕು. ಎರಡೂ ಕೆಲಸ ಒಟ್ಟಿಗೆ ಶುರು ಮಾಡಿ.

ಹೊಸ ಕಾನೂನಿನಲ್ಲಿ ನಿಮಗೆ ನೆರವಾಗುವ ಒಂದು ವಿಷಯ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ನಿಮಗೆ ನಾಲ್ಕೂವರೆ ತಿಂಗಳಾಗಿದೆ. ಈ ಕಲಂ ಹೆಸರಿಸಿ, ತನಿಖೆಯ ಸ್ಥಿತಿ ತಿಳಿಸಿ ಅಂತ ಒಂದು ಅರ್ಜಿ ಬರೆದು ಠಾಣೆಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಜಗಳದ ಮಾತು ಬೇಡ. ಬರವಣಿಗೆಯಲ್ಲಿ ಕೇಳಿದ್ದಕ್ಕೆ ಬರವಣಿಗೆಯಲ್ಲೇ ಉತ್ತರ ಬರುತ್ತದೆ, ಆ ಉತ್ತರವೇ ಎಷ್ಟೋ ಸಲ ನಿಮ್ಮ ಹಿಂಬರಹ.

ಇನ್ನೊಂದು. ಎಫ್‌ಐಆರ್ ಪ್ರತಿ ಮತ್ತು ಆರ್‌ಸಿ ಪಕ್ಕಪಕ್ಕ ಇಟ್ಟು ಚಾಸಿ ನಂಬರ್, ಎಂಜಿನ್ ನಂಬರ್ ಒಂದೊಂದೇ ಅಕ್ಷರ ತಾಳೆ ನೋಡಿ. ಎಫ್‌ಐಆರ್‌ನಲ್ಲಿ ಒಂದು ಅಂಕಿ ತಪ್ಪಿದ್ದರೆ ಸಿ ರಿಪೋರ್ಟ್‌ನಲ್ಲೂ ಅದೇ ತಪ್ಪು ಬರುತ್ತದೆ. ಕೋರ್ಟಿಗೆ ಹೋಗುವ ಮೊದಲಾದರೆ ಠಾಣೆಯಲ್ಲಿ ಮರು ಹೇಳಿಕೆ ಕೊಟ್ಟು ಸರಿ ಮಾಡಿಸಬಹುದು. ಹೋದ ಮೇಲೆ ತುಂಬಾ ಕಷ್ಟ.

ಕಬಿನಿ ದಂಡೆ

ಸರ್, ಈಗಲೇ ನೋಡಿದೆ. ಎಂಜಿನ್ ನಂಬರ್‌ನಲ್ಲಿ 8 ಇರುವ ಕಡೆ ಬಿ ಅಕ್ಷರ ಟೈಪ್ ಆಗಿದೆ! ಚಾಸಿ ಸರಿ ಇದೆ. ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.

ಒಂಬತ್ತನೇ ದಿನ ಕಂಪನಿಗೆ ಹೇಳಿದ್ದು ತೊಂದರೆ ಆಗುತ್ತದಾ?

ದಾವಣಗೆರೆ ಮಂಜ

ಆಗುತ್ತೆ ಬ್ರದರ್. 48 ಗಂಟೆಯೊಳಗೆ ಹೇಳದಿದ್ದರೆ ಕ್ಲೇಮ್ ರಿಜೆಕ್ಟ್, ಪಾಲಿಸಿಯಲ್ಲೇ ಇರುತ್ತೆ. ನನ್ನ ಫ್ರೆಂಡಿಗೆ ಹಾಗೇ ಆಯ್ತು.

ಹಳೇ ಸರ್ವೇಯರ್

ಮಂಜ ಅವರೇ, ತಕ್ಷಣ ತಿಳಿಸಬೇಕು ಅನ್ನುವುದು ನಿಜ. ಗಾಡಿ ಹೋದ ದಿನವೇ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಳ್ಳಬೇಕು. ಅದಕ್ಕೆ ಎಫ್‌ಐಆರ್ ಕಾಯಬೇಕಾಗಿಲ್ಲ. ಆದರೆ ತಡವಾದರೆ ಕಥೆ ಮುಗಿಯಿತು ಅನ್ನುವುದು ಸರಿಯಲ್ಲ. ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇದನ್ನೇ ತೀರ್ಮಾನಿಸಿದರು. ಆ ರೈತರ ಟ್ರ್ಯಾಕ್ಟರ್ ಕಳುವಾಗಿತ್ತು. ಎಫ್‌ಐಆರ್ ಅದೇ ದಿನ ಆಗಿತ್ತು. ಕಂಪನಿಗೆ ಹೇಳಿದ್ದು 52 ದಿನದ ಮೇಲೆ. ಪೊಲೀಸರಿಗೆ ಕೂಡಲೇ ಹೇಳಿದ್ದರೆ, ಕಳವು ನಿಜ ಅಂತ ಗೊತ್ತಾಗಿದ್ದರೆ, ಕಂಪನಿಗೆ ತಡವಾಗಿ ಹೇಳಿದ್ದನ್ನೇ ಹಿಡಿದು ಕ್ಲೇಮ್ ತಳ್ಳಿಹಾಕಬಾರದು ಅಂತ ಕೋರ್ಟು ಹೇಳಿತು.

ಇಲ್ಲಿ ಗಮನಿಸಬೇಕಾದ್ದು "ಪೊಲೀಸರಿಗೆ ಕೂಡಲೇ" ಅನ್ನುವ ಮಾತು. ಕಬಿನಿಯವರ ಎಫ್‌ಐಆರ್ ಆಗಿದ್ದು ಬುಧವಾರ. ಸೋಮವಾರ ಬೆಳಿಗ್ಗೆಯೇ ಹೇಳಿದ್ದೆ ಅನ್ನುವುದಕ್ಕೆ 112ರ ಕರೆ ಸಾಕ್ಷಿ. ಫೋನಿನ ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಟ್ಟುಕೊಳ್ಳಿ. ತಡಕ್ಕೆ ಕಾರಣ ಏನು ಅಂತ ಒಂದು ಪತ್ರ ಬರೆದು ಅದರ ಜೊತೆ ಸೇರಿಸಿ.

ಓದುತ್ತಿರುವ ಬೇರೆಯವರಿಗೂ ಒಂದು ಮಾತು. "ಎರಡು ದಿನ ನೋಡೋಣ" ಅಂದರೆ ಸುಮ್ನೆ ವಾಪಸ್ ಬರಬೇಡಿ. ದೂರನ್ನು ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ತೆಗೆದುಕೊಳ್ಳದಿದ್ದರೆ ಆನ್‌ಲೈನ್‌ನಲ್ಲಿ ದೂರು ಕೊಡಿ. ಹಾಗೆ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಸ್‌ಪಿ ಅಥವಾ ಕಮಿಷನರ್ ಆಫೀಸಿಗೆ ಅಂಚೆಯಲ್ಲಿ ದೂರು ಕಳಿಸುವ ದಾರಿಯೂ ಕಾನೂನಿನಲ್ಲೇ ಇದೆ. ಸ್ವೀಕೃತಿ ಅಂದರೆ ಎಫ್‌ಐಆರ್ ಅಲ್ಲ, ಅದನ್ನು ಮರೆಯಬೇಡಿ.

ದಾವಣಗೆರೆ ಮಂಜ

ಓಕೆ ಸರ್, ಫ್ರೆಂಡ್‌ಗೆ ಹೇಳ್ತೀನಿ. ಸೆಕೆಂಡ್ ಹ್ಯಾಂಡ್ ಬಗ್ಗೆ ಒಂದು ಹೇಳ್ತೀನಿ, ಇದು ಪಕ್ಕಾ. ಆರ್‌ಸಿ ನಮ್ಮ ಹೆಸರಿಗೆ ಬಂದರೆ ಪಾಲಿಸಿ ತಾನಾಗೇ ನಮ್ಮದಾಗುತ್ತೆ.

ಹಳೇ ಸರ್ವೇಯರ್

ಅರ್ಧ ಸರಿ. ತಾನಾಗೇ ಬರುವುದು ಥರ್ಡ್ ಪಾರ್ಟಿ ಭಾಗ ಮಾತ್ರ. ಕಳವು, ಡ್ಯಾಮೇಜ್ ಇವೆಲ್ಲ ಬೇಕಾದರೆ ಗಾಡಿ ಕೊಂಡ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕು. ಕಬಿನಿಯವರದ್ದು ಅವರ ಹೆಸರಲ್ಲೇ ಇರುವುದರಿಂದ ಈ ಚಿಂತೆ ಇಲ್ಲ.

ಕಬಿನಿ ದಂಡೆ

ಎರಡನೇ ಕೀ ಬಗ್ಗೆ ಯಾರೂ ಹೇಳಲಿಲ್ಲ. ಸ್ನೇಹಿತರೊಬ್ಬರು ಮಾರ್ಕೆಟ್ಟಿನಲ್ಲಿ ಇನ್ನೊಂದು ಕೀ ಮಾಡಿಸಿ ಕೊಟ್ಟುಬಿಡು, ಯಾರಿಗೂ ಗೊತ್ತಾಗಲ್ಲ ಅನ್ನುತ್ತಿದ್ದಾರೆ.

ಹಳೇ ಸರ್ವೇಯರ್

ಅದನ್ನು ಮಾತ್ರ ಮಾಡಬೇಡಿ. ಕೈಮುಗಿದು ಹೇಳುತ್ತೇನೆ.

ಕಂಪನಿಯವರು ಎರಡು ಕೀ ಯಾಕೆ ಕೇಳುತ್ತಾರೆ ಹೇಳುತ್ತೇನೆ. ಅವರಿಗೆ ಇರುವ ಅನುಮಾನ ಎರಡು. ಒಂದು, ಓನರೇ ಗಾಡಿ ಮಾರಿ ಒಂದು ಕೀ ಕೊಂಡವನಿಗೆ ಕೊಟ್ಟು ಕಳವು ಅಂತ ಹೇಳುತ್ತಿದ್ದಾನಾ? ಇನ್ನೊಂದು, ಕೀ ಗಾಡಿಯಲ್ಲೇ ಬಿಟ್ಟು ಹೋಗಿದ್ದನಾ? ಎರಡೂ ಕೀ ಕೈಗೆ ಬಂದರೆ ಎರಡು ಅನುಮಾನವೂ ಕಡಿಮೆಯಾಗುತ್ತದೆ.

ಬಂದ ಕೀಗಳನ್ನು ಅವರು ಸುಮ್ನೆ ಕವರಿಗೆ ಹಾಕಿ ಇಡುವುದಿಲ್ಲ. ಅನುಮಾನ ಬಂದರೆ ಪರೀಕ್ಷೆಗೆ ಕಳಿಸುತ್ತಾರೆ. ದಿನಾ ಬಳಸಿದ ಕೀ ಅಂಚಿನಲ್ಲಿ ಸವೆದಿರುತ್ತದೆ. ಮನೆಯಲ್ಲೇ ಇಟ್ಟದ್ದು ಹೊಸದರಂತೆ ಇರುತ್ತದೆ. ಡೂಪ್ಲಿಕೇಟ್ ಮಾಡುವ ಮೆಷಿನ್ನಿನ ಮೊನೆ ಮೂಲ ಕೀಯ ಹಲ್ಲುಗಳ ಮೇಲೆ ಹರಿಯುತ್ತದೆ, ಅದರ ಗೆರೆ ಉಳಿಯುತ್ತದೆ. ಅಂದರೆ ಹೊಸದಾಗಿ ಮಾಡಿಸಿದ ಕೀ ಮಾತ್ರವಲ್ಲ, ನಿಮ್ಮ ಹತ್ತಿರ ಇರುವ ನಿಜವಾದ ಕೀ ಮೇಲೂ ಗುರುತು ಬೀಳುತ್ತದೆ. ಈಗ ನಿಮ್ಮ ಹತ್ತಿರ ಇರುವುದು ಒಂದು ಕಳೆದುಹೋದ ಕೀಯ ಕಥೆ, ಅದು ನಿಜ. ಡೂಪ್ಲಿಕೇಟ್ ಕೊಟ್ಟ ಕೂಡಲೇ ಅದು ವಂಚನೆಯ ಕಥೆ ಆಗುತ್ತದೆ.

ಮಾಡಬೇಕಾದ್ದು ಇಷ್ಟು. ಹಳೇ ಓನರ್ ಹತ್ತಿರ ಹೋಗಿ. ಕೀ ಯಾವಾಗ, ಹೇಗೆ ಕಳೆಯಿತು, ಮಾರುವಾಗ ಒಂದೇ ಕೀ ಕೊಟ್ಟೆ ಅಂತ ಅವರಿಂದ ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿ. ಅವರು ಆಗ ಕಳೆದ ವಸ್ತುಗಳ ಬಗ್ಗೆ ಪೊಲೀಸರಿಗೆ ತಿಳಿಸುವ ಇ-ಲಾಸ್ಟ್‌ನಲ್ಲಿ ಹಾಕಿದ್ದರೆ ಆ ರಸೀದಿ ಬಹಳ ಬೆಲೆಯದ್ದು. ಶೋರೂಮಿನಲ್ಲಿ ಕೀ ವಿಚಾರಕ್ಕೆ ಜಾಬ್ ಕಾರ್ಡ್ ಆಗಿದ್ದರೆ ಅದೂ ಬೇಕು. ನೀವು ಕೊಂಡಾಗಿನ ಮಾತುಕತೆ ವಾಟ್ಸಾಪ್‌ನಲ್ಲಿ ಇದೆಯಾ? "ಒಂದೇ ಕೀ ಇದೆ" ಅಂತ ಆವತ್ತು ಅವರು ಬರೆದಿದ್ದರೆ ಇವತ್ತಿನ ಅಫಿಡವಿಟ್‌ಗಿಂತ ಅದಕ್ಕೇ ತೂಕ ಜಾಸ್ತಿ, ಯಾಕೆಂದರೆ ಅದು ಕಳವಿಗೆ ಮುಂಚಿನದು. ಕ್ಲೇಮ್ ಫಾರಂನಲ್ಲಿ ಎಷ್ಟು ಕೀ ಅಂತ ಬರೆದಿರಿ?

ಕಬಿನಿ ದಂಡೆ

ಒಂದು ಅಂತಲೇ ಬರೆದಿದ್ದೇನೆ ಸರ್. ವಾಟ್ಸಾಪ್ ಹುಡುಕಿದೆ. "ಇನ್ನೊಂದು ಕೀ ಸಿಕ್ಕರೆ ಕೊಡ್ತೀನಿ" ಅಂತ 2024ರಲ್ಲೇ ಮೆಸೇಜ್ ಇದೆ. ಈಗ ಸ್ವಲ್ಪ ಧೈರ್ಯ ಬಂತು.

ಹಳೇ ಸರ್ವೇಯರ್

ಇದನ್ನು ಅಳಿಸಬೇಡಿ, ಫೋನೂ ಬದಲಿಸಬೇಡಿ. ಪ್ರಿಂಟ್ ತೆಗೆದು ಅಫಿಡವಿಟ್ ಜೊತೆ ಲಗತ್ತಿಸಿ. ಇರುವ ಒಂದು ಕೀಯನ್ನು ಕೊಡುವಾಗ ಕೀ ನಂಬರ್ ಬರೆದು ಸ್ವೀಕೃತಿ ತೆಗೆದುಕೊಳ್ಳಿ.

ಮಲ್ನಾಡ್ ಹುಡುಗಿ

ಸಾಲ ಇರುವವರಿಗೆ ನನ್ನ ಅನುಭವ. ಐಡಿವಿ 5,25,000 ಇತ್ತು. ಕಡ್ಡಾಯ ಕಡಿತ 1,000 ಹೋಗಿ 5,24,000. ಬ್ಯಾಂಕಿಗೆ ಬಾಕಿ 4,10,000 ಮೊದಲು ಹೋಯಿತು, ನನಗೆ ಬಂದದ್ದು 1,14,000. ಕಾರೇ ಇಲ್ಲ, ಇಎಂಐ ಯಾಕೆ ಕಟ್ಟಬೇಕು ಅಂತ ಎರಡು ತಿಂಗಳು ನಿಲ್ಲಿಸಿದ್ದೆ. ಬಡ್ಡಿ, ದಂಡ ಬಿತ್ತು, ಸಿಬಿಲ್ ಸ್ಕೋರೂ ಇಳಿಯಿತು. ಕ್ಲೇಮ್ ಬರುವವರೆಗೂ ಕಟ್ಟುತ್ತಲೇ ಇರಿ. ಫಾಸ್ಟ್ಯಾಗ್ ಬ್ಲಾಕ್ ಮಾಡುವ ಮೊದಲು ಯಾವ ಟೋಲ್‌ನಲ್ಲಾದರೂ ಹಣ ಕಟ್ ಆಗಿದೆಯಾ ಅಂತ ನೋಡಿ, ಆ ಮೆಸೇಜ್ ಪೊಲೀಸರಿಗೆ ಕೊಡಿ.

ದಾವಣಗೆರೆ ಮಂಜ

ಕ್ಲೇಮ್ ಬಂದ ಮೇಲೆ ಗಾಡಿ ಸಿಕ್ಕರೆ ಡಬಲ್ ಲಾಭ ಅಲ್ವಾ?

ಕೋರ್ಟ್ ಬೀದಿ

ಇಲ್ಲ ಮಂಜ. ಹಣ ಕೊಡುವ ಮೊದಲು ಕಂಪನಿಯವರು ಗಾಡಿ ವರ್ಗಾವಣೆಯ ಫಾರಂ 28, 29, 30ಕ್ಕೆ ಸಹಿ ಹಾಕಿಸಿಕೊಳ್ಳುವುದು ಅದಕ್ಕೇ. ಹಣ ಬಂದ ಮೇಲೆ ಸಿಕ್ಕರೆ ಗಾಡಿ ಕಂಪನಿಯದ್ದು, ಪೊಲೀಸರು ಫೋನ್ ಮಾಡಿದರೆ ನೀವು ಕಂಪನಿಗೆ ತಿಳಿಸಬೇಕು. ಹಣ ಬರುವ ಮೊದಲು ಸಿಕ್ಕರೆ ನೀವು ಕೋರ್ಟಿಗೆ ಅರ್ಜಿ ಹಾಕಿ ಬಾಂಡ್ ಕೊಟ್ಟು ಬಿಡಿಸಿಕೊಳ್ಳಬೇಕು. ಸಿ ರಿಪೋರ್ಟ್ ಆದ ಮೇಲೂ ಗಾಡಿ ಸಿಕ್ಕರೆ ತನಿಖೆ ಮತ್ತೆ ಶುರುವಾಗುತ್ತದೆ, ಕೇಸು ಸತ್ತುಹೋಗಿರುವುದಿಲ್ಲ.

ಕಬಿನಿ ದಂಡೆ (ಏಳು ವಾರದ ನಂತರ)

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ರೈಟರ್ ಹತ್ತಿರ ಸಿ ರಿಪೋರ್ಟ್ ಅಂದ ಕೂಡಲೇ ಕಡತ ತೆಗೆದರು. ಇನ್ನೂ ಕೋರ್ಟಿಗೆ ಹೋಗಿರಲಿಲ್ಲ, ಅದೇ ಒಳ್ಳೆಯದಾಯಿತು. ಮರು ಹೇಳಿಕೆ ಕೊಟ್ಟು ಎಂಜಿನ್ ನಂಬರ್ ಸರಿ ಮಾಡಿಸಿದೆ. ಹತ್ತು ದಿನಕ್ಕೆ ವರದಿ ಕೋರ್ಟಿಗೆ ಹೋಯಿತು. ನೋಟಿಸ್ ಬಂತು, ಹೋಗಿ ತಕರಾರಿಲ್ಲ ಅಂದೆ. ಐದು ನಿಮಿಷದ ಕೆಲಸ. ವರದಿ ಮತ್ತು ಆರ್ಡರ್ ಶೀಟ್ ಎರಡರ ನಕಲೂ ಸಿಕ್ಕಿತು.

ಕಂಪನಿ ಈಗ "ಎರಡನೇ ಕೀ ಇಲ್ಲದ ಕಾರಣ ನಾನ್ ಸ್ಟ್ಯಾಂಡರ್ಡ್" ಅಂತ ಐಡಿವಿಯ 75 ಪರ್ಸೆಂಟ್ ಕೊಡುತ್ತೇವೆ ಅನ್ನುತ್ತಿದೆ. 46,500ರಲ್ಲಿ ಕಡ್ಡಾಯ ಕಡಿತ 100 ಹೋಗಿ 46,400. ಪೂರ್ತಿ ಬಂದಿದ್ದರೆ 61,900 ಬರಬೇಕಿತ್ತು. 15,500 ರೂಪಾಯಿ ವ್ಯತ್ಯಾಸ. ವೋಚರ್‌ಗೆ ಸಹಿ ಕೇಳಿದ್ದಾರೆ.

ಪುಣೆ ಕನ್ನಡಿಗ

ತೆಗೆದುಕೊಂಡುಬಿಡಿ ಅಂತ ನನಗನ್ನಿಸುತ್ತದೆ. ಇನ್ನೊಂದು ವರ್ಷ ಓಡಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಹಳೇ ಸರ್ವೇಯರ್

ನಾನು ಒಪ್ಪುವುದಿಲ್ಲ. 75 ಪರ್ಸೆಂಟ್ ಅನ್ನುವುದು ಪಾಲಿಸಿಯ ಷರತ್ತು ಮುರಿದಿದ್ದಾಗ ಬಳಸುವ ದಾರಿ. ಅಶೋಕ್ ಕುಮಾರ್ ಅನ್ನುವವರ ಪ್ರಕರಣದಲ್ಲಿ ಚಾಲಕ ಕೀಯನ್ನು ಟ್ರಕ್ಕಿನಲ್ಲೇ ಬಿಟ್ಟು ಇಳಿದಿದ್ದ. ಅದಕ್ಕೂ 2023ರಲ್ಲಿ ಸುಪ್ರೀಂ ಕೋರ್ಟ್ 75 ಪರ್ಸೆಂಟ್ ಕೊಡಿಸಿತು. ಕೀ ಬಿಟ್ಟವರಿಗೇ ಅಷ್ಟು ಅಂದರೆ, ಕೊಂಡಾಗಿನಿಂದಲೇ ಒಂದು ಕೀ ಇದ್ದು, ಅದನ್ನು ಜೇಬಲ್ಲಿಟ್ಟುಕೊಂಡು ಹ್ಯಾಂಡಲ್ ಲಾಕ್ ಹಾಕಿದವರಿಗೂ ಅಷ್ಟೇನಾ? ಯಾವ ಷರತ್ತು ಮುರಿದಿದ್ದೇನೆ, ಪಾಲಿಸಿಯ ಸಾಲು ತೋರಿಸಿ ಅಂತ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2024ರ ಜೂನ್‌ನಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲಿನ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯಲ್ಲಿ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಾರದು ಅಂತ ಇದೆ. ಅದನ್ನೂ ಹೆಸರಿಸಿ.

ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಅಲ್ಲಿ ಫೀಸ್ ಇಲ್ಲ, ವಕೀಲರೂ ಬೇಡ. ವೋಚರ್‌ಗೆ "ಪೂರ್ಣ ಮತ್ತು ಅಂತಿಮ" ಅಂತ ಇದ್ದರೆ ಹಾಗೇ ಸಹಿ ಹಾಕಬೇಡಿ.

ಕೋರ್ಟ್ ಬೀದಿ

ಸರ್ ಹೇಳಿದ್ದು ಸರಿ ಅನ್ನಿಸುತ್ತದೆ, ಆದರೆ ಒಂಬುಡ್ಸ್‌ಮನ್ ಪೂರ್ತಿ ಕೊಡಿಸುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಹಳೇ ಓನರ್ ಆ ಕೀಯನ್ನು ಬೇರೆ ಯಾರಿಗಾದರೂ ಕೊಟ್ಟಿದ್ದರೆ ಅಂತ ಕಂಪನಿ ಕೇಳುತ್ತದೆ. ಅದಕ್ಕೆ ಉತ್ತರ ಸಿದ್ಧವಾಗಿರಲಿ.

ಕಬಿನಿ ದಂಡೆ

ಸಹಿ ಹಾಕಿಲ್ಲ. ಪತ್ರ ಬರೆದಿದ್ದೇನೆ, ನಾಳೆ ಕಳಿಸುತ್ತೇನೆ. ಹಳೇ ಓನರ್ ಮನೆಗೂ ಇವತ್ತು ಮತ್ತೆ ಹೋಗಿದ್ದೆ. ಅವರು ಮನೆ ಬದಲಿಸಿದಾಗ ಕಟ್ಟಿಟ್ಟ ಎರಡು ರಟ್ಟಿನ ಡಬ್ಬ ಅಟ್ಟದ ಮೇಲಿದೆಯಂತೆ. ಭಾನುವಾರ ಇಳಿಸಿ ನೋಡೋಣ ಬಾಪ್ಪ ಅಂತ ಅವರಮ್ಮ ಹೇಳಿದ್ದಾರೆ.